ಒಂಬತ್ತನೇ ಬಯೋಡೇಟಾ

ಬುಧವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ರಮಾದೇವಿ ಎಂಟು ಬಯೋಡೇಟಾ ಮುಗಿಸಿದ್ದಳು. ಮೇಜಿನ ಮೇಲೆ ಉಳಿದದ್ದು ಒಂದೇ. ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ಬ್ರೇಕಿನ ಬಿಡಿಭಾಗ ಮಾಡುವ ಆ ಕಾರ್ಖಾನೆಗೆ ಅವಳು ಎಚ್‌ಆರ್ ಮ್ಯಾನೇಜರ್. ಕಾಯಂ ಕಾರ್ಮಿಕರು ನೂರ ಎಪ್ಪತ್ತು, ಗುತ್ತಿಗೆಯವರು ಇನ್ನೂರರ ಮೇಲೆ. ಅವರ ಸಂಬಳ, ರಜೆ, ಜಗಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹುಡುಗಿ ಮದುವೆಯಾಗಿ ಚಿತ್ತೂರಿಗೆ ಹೋದ ಮೇಲೆ ಆ ಕುರ್ಚಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು.

ಜಾಹೀರಾತನ್ನು ಅವಳೇ ಬರೆದಿದ್ದಳು. ಎಚ್‌ಆರ್ ಜನರಲಿಸ್ಟ್ ಬೇಕು; ಕಾರ್ಮಿಕ ಕಾನೂನು ಗೊತ್ತಿರಬೇಕು, ಕನಿಷ್ಠ ಇನ್ನೂರು ಜನರ ಸಂಬಳ ಪಟ್ಟಿ ಮಾಡಿರಬೇಕು, ಕಾರ್ಮಿಕರ ತಕರಾರು ಬಗೆಹರಿಸಿದ್ದಕ್ಕೆ ಉದಾಹರಣೆ ಕೊಡಬೇಕು. ಅಂಕದ ಹಾಳೆಯೂ ಅವಳದ್ದೇ. ಕಾನೂನಿಗೆ ನಲವತ್ತು, ಸಂಬಳಕ್ಕೆ ಮೂವತ್ತು, ಕಾರ್ಮಿಕರ ಜೊತೆಗಿನ ಕೆಲಸಕ್ಕೆ ಮೂವತ್ತು. ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಹಾಕಿದ್ದಳು: ‘ಗೊತ್ತು’ ಎಂದು ಬರೆದದ್ದಕ್ಕೆ ಅಂಕವಿಲ್ಲ, ಮಾಡಿದ್ದು ತೋರಿಸಿದ್ದಕ್ಕೆ ಮಾತ್ರ. ಅವಳೂ ಅವಳ ಸಹಾಯಕಿ ಶಿವಾನಿಯೂ ಒಬ್ಬರದ್ದು ಒಬ್ಬರು ನೋಡದೆ ಅಂಕ ಹಾಕುವುದು, ಆಮೇಲೆ ಕೂತು ಹೋಲಿಸುವುದು. ಹಾಗೆಂದು ಗೊತ್ತುಮಾಡಿದ್ದವಳೂ ಅವಳೇ.

ಹಿಂದಿನ ಎಂಟರಲ್ಲಿ ಒಂದು ನಾಲ್ಕು ಪುಟದ್ದು. ಎಲ್ಲ ಕಾರ್ಮಿಕ ಕಾನೂನುಗಳಲ್ಲಿ ಪರಿಣತಿ, ಆರಂಭದಿಂದ ಕೊನೆಯವರೆಗೆ ಪೇರೋಲ್ ನಿರ್ವಹಣೆ, ಸೌಹಾರ್ದ ಬಾಂಧವ್ಯ. ಎಷ್ಟು ಜನರ ಪೇರೋಲ್, ಯಾವ ಕಾನೂನು, ಯಾರ ಜೊತೆ ಬಾಂಧವ್ಯ, ಒಂದೂ ಇಲ್ಲ. ಅದಕ್ಕೆ ನೂರಕ್ಕೆ ಹದಿನಾಲ್ಕು ಬಿದ್ದಿತ್ತು. ಶ್ರೀನಿವಾಸಪುರದ ಮುನಿಲಕ್ಷ್ಮಿ ಎಂಬವಳದ್ದು ಚೆನ್ನಾಗಿತ್ತು. ಕೋಲಾರದ ಕನ್ಸಲ್ಟೆಂಟ್ ಒಬ್ಬರ ಆಫೀಸಿನಲ್ಲಿ ಮೂರು ವರ್ಷ, ಹತ್ತೊಂಬತ್ತು ಸಣ್ಣ ಕಾರ್ಖಾನೆಗಳ ಪಿಎಫ್, ಇಎಸ್‌ಐ, ವಾರ್ಷಿಕ ರಿಟರ್ನು. ಆದರೆ ಒಬ್ಬ ಕಾರ್ಮಿಕನ ಎದುರು ಕೂತು ಮಾತಾಡಿದ ಸುಳಿವು ಎಲ್ಲೂ ಇರಲಿಲ್ಲ.

ಒಂಬತ್ತನೆಯದು ಎರಡೇ ಹಾಳೆ. ಹೆಸರು ಕದಿರೇಶ್, ಊರು ನಂಗಲಿ. ಈಗ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಕೆಲಸ. ‘ಇನ್ನೂರ ಎಂಬತ್ತು ಜನರ ಹಾಜರಿ, ಓವರ್‌ಟೈಮ್ (ಓಟಿ), ಸಂಬಳ ಲೆಕ್ಕ. ಪಿಎಫ್ ಪ್ರತಿ ತಿಂಗಳು ಹದಿನೈದನೇ ತಾರೀಖಿನೊಳಗೆ, ಮೂವತ್ತೊಂದು ತಿಂಗಳಲ್ಲಿ ಒಮ್ಮೆ ತಡ, ಅದಕ್ಕೆ ಬಡ್ಡಿ ಕಟ್ಟಿದ್ದೇವೆ.’ ಈ ಕೊನೆಯ ತುಂಡನ್ನು ಓದಿ ರಮಾದೇವಿಗೆ ನಗು ಬಂತು. ತಡವಾದದ್ದನ್ನು ಬಯೋಡೇಟಾದಲ್ಲಿ ಬರೆದವನನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಸಂಬಳಕ್ಕೆ ಇಪ್ಪತ್ತಾರು ಹಾಕಿದಳು. ಕಾನೂನಿನ ಕೆಳಗೆ ಗುತ್ತಿಗೆ ಕಾರ್ಮಿಕರ ರಿಜಿಸ್ಟರು, ತಪಾಸಣೆಗೆ ದಾಖಲೆ ಒದಗಿಸಿದ್ದು, ಹೊಸ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಭತ್ಯೆ ಸಂಬಳದ ಅರ್ಧಕ್ಕಿಂತ ಹೆಚ್ಚಿದ್ದವರ ಪಟ್ಟಿ ಮಾಡಿ ಗುತ್ತಿಗೆದಾರರಿಗೆ ಕೊಟ್ಟದ್ದು. ಶಿಸ್ತು ವಿಚಾರಣೆ, ಕಾರ್ಖಾನೆಯ ಸೇವಾ ನಿಯಮಗಳಾದ ಸ್ಥಾಯಿ ಆದೇಶದ ಮಾತೇ ಇಲ್ಲ. ಇಪ್ಪತ್ತೊಂದು ಹಾಕಿ ಪುಟ ತಿರುಗಿಸಿದಳು.

ಎರಡನೇ ಪುಟದಲ್ಲಿ ಹೀಗಿತ್ತು:

‘ಮಾರ್ಚ್ 2022, ಮುಳಬಾಗಿಲು ರಸ್ತೆಯ ಗಾರ್ಮೆಂಟ್ಸ್ ಘಟಕ. ಹಾಜರಿ ಮಿಷನ್ ಕೆಟ್ಟು ಸಂಬಳ ಕಡಿತವಾಗಿ ನೂರ ಅರವತ್ತು ಹೆಣ್ಣುಮಕ್ಕಳು ಮೂರು ದಿನ ಕೆಲಸ ನಿಲ್ಲಿಸಿದರು. ಗೇಟಿನ ಕೈಬರಹದ ಪುಸ್ತಕವನ್ನು ಮಿಷನ್ನಿನ ದಾಖಲೆಗೆ ಹೋಲಿಸಿ ನಲವತ್ಮೂರು ಜನರ ಅರವತ್ತೊಂದು ದಿನ ತಪ್ಪಾಗಿ ಕಡಿತವಾದದ್ದು ಪತ್ತೆ ಮಾಡಿದೆ. ಕಾರ್ಮಿಕರ ಜೊತೆ ಮಾತಾಡಿ ಐದು ಪ್ರತಿನಿಧಿಗಳನ್ನು ಮಾತುಕತೆಗೆ ಒಪ್ಪಿಸಿದೆ. ನಂತರ ಲೇಬರ್ ಆಫೀಸಿನಲ್ಲಿ ಒಪ್ಪಂದವಾಯಿತು.’

ರಮಾದೇವಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಎದ್ದು ಹೋಗಿ ನೀರು ಕುಡಿದು ಬಂದಳು. ಮತ್ತೆ ಓದಿದಳು. ಮೊದಲ ಪುಟದ ಹೆಸರು ಯಾರದ್ದೆಂದು ಈಗ ಹೊಳೆಯಿತು. ಆ ಗಾರ್ಮೆಂಟ್ಸ್‌ನಲ್ಲಿ ಆಗ ಎಚ್‌ಆರ್ ಅಧಿಕಾರಿಯಾಗಿದ್ದವಳು ಅವಳೇ. ಒಪ್ಪಂದಕ್ಕೆ ಮಾಲೀಕರ ಕಡೆಯಿಂದ ಸಹಿ ಹಾಕಿದವಳೂ ಅವಳೇ. ಎರಡೂವರೆ ವರ್ಷದ ಹಿಂದೆ ಈ ಕಾರ್ಖಾನೆಗೆ ಅರ್ಜಿ ಹಾಕಿದಾಗ ತನ್ನ ಬಯೋಡೇಟಾದಲ್ಲಿ ಏನು ಬರೆದಿದ್ದಳು ಎಂಬುದು ಅವಳಿಗೆ ಬಾಯಿಪಾಠವಿತ್ತು: ‘ದಾಖಲೆಗಳನ್ನು ಹೋಲಿಸಿ, ಕಾರ್ಮಿಕರೊಂದಿಗೆ ನೇರ ಮಾತುಕತೆ ನಡೆಸಿ, ಮೂರು ದಿನದ ಕೆಲಸ ಸ್ಥಗಿತವನ್ನು ಬಗೆಹರಿಸಿದೆ.’

ಮೂವತ್ತಕ್ಕೆ ಎಷ್ಟು ಎಂಬ ಜಾಗವನ್ನು ಖಾಲಿ ಬಿಟ್ಟಳು.

ಹನ್ನೆರಡಕ್ಕೆ ಶಿವಾನಿ ತನ್ನ ಹಾಳೆಗಳ ಜೊತೆ ಬಂದು ಕೂತಳು. ಲಕ್ಕೂರಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಎಂಟು ಹೆಸರು ಬೇಗ ಮುಗಿದವು. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಹತ್ತಿರವೇ ಇದ್ದವು. ಒಂಬತ್ತನೆಯದಕ್ಕೆ ಶಿವಾನಿ ದನಿ ತಗ್ಗಿಸಿದಳು.

“ಮೇಡಂ, ಈ ಕದಿರೇಶ್‌ಗೆ ನಾನು ಮೂರನೇದರಲ್ಲಿ ಸೊನ್ನೆ ಹಾಕಿದೀನಿ.”

“ಯಾಕೆ?”

“ಇದು ನಿಮ್ಮ ಕೇಸಲ್ವಾ? ಹೊಸಬ್ರಿಗೆಲ್ಲ ಇಂಡಕ್ಷನ್‌ನಲ್ಲಿ ನೀವು ಇದನ್ನೇ ಹೇಳ್ತೀರ. ಗೇಟ್ ಪುಸ್ತಕ, ನಲವತ್ಮೂರು ಜನ, ಎಲ್ಲಾ ಹಂಗೇ ಇದೆ. ಎಲ್ಲೋ ಕೇಳಿಸ್ಕೊಂಡು ತಂದು ಇವನ ಬಯೋಡೇಟಾಗೆ ಹಾಕ್ಕೊಂಡಿದಾನೆ. ಸುಳ್ಳು ಬರೆದೋರನ್ನ ಪೂರ್ತಿ ತೆಗೆದುಹಾಕ್ಬೇಕು ಅಂತ ನೀವೇ ಹೇಳಿದ್ರಿ.”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹಾಳೆ ತಿರಸ್ಕೃತ ಎಂಬ ಕಡತಕ್ಕೆ ಹೋಗುತ್ತಿತ್ತು, ನಂಗಲಿಯಲ್ಲಿರುವ ಒಬ್ಬನಿಗೆ ಒಂದು ಮಿಂಚಂಚೆ ಹೋಗುತ್ತಿತ್ತು, ಅಷ್ಟೇ. ರಮಾದೇವಿ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

“ಅವನೂ ಅಲ್ಲಿ ಕೆಲಸ ಮಾಡಿದ್ದಿರಬಹುದಲ್ಲಮ್ಮ” ಎಂದಳು. “ಉಳಿದ ಎರಡರ ಅಂಕ ಕೂಡಿದ್ರೆ ಅವನು ಮೂರನೇ ಜಾಗದಲ್ಲಿದಾನೆ. ನಾಳೆ ಮೂರು ಜನಕ್ಕೆ ಫೋನ್ ಮಾಡೋದಿದೆಯಲ್ಲ, ಎಲ್ರಿಗೂ ಕೇಳೋ ಪ್ರಶ್ನೆಗಳನ್ನೇ ಅವನಿಗೂ ಕೇಳೋಣ. ಅಲ್ಲಿವರೆಗೆ ಅಂಕ ಹಾಕೋದು ಬೇಡ.”

“ನಿಮಗೆ ಅವನು ಗೊತ್ತಾ ಮೇಡಂ?”

“ಹೆಸರು ಕೇಳಿದ ಹಂಗಿದೆ.”

ರಮಾದೇವಿ ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಅನ್ನ ಕಲಸುತ್ತಲೇ ಇದ್ದಳು. ಸಂಜೆ ಕೋಲಾರಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳು ಸೀಟು ಬದಲಾಯಿಸಿದಳು, ಮತ್ತೆ ವಾಪಸು ಬಂದು ಕೂತಳು. ಟೊಮೆಟೊ ಕ್ರೇಟು ತುಂಬಿದ ಟೆಂಪೋಗಳು ಮಾರ್ಕೆಟ್ ಕಡೆ ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಬಸ್ಸು ಮುಕ್ಕಾಲು ಗಂಟೆ ತೆವಳಿತು. ಆ ಮುಕ್ಕಾಲು ಗಂಟೆಯಲ್ಲಿ ಮಾರ್ಚಿನ ಮೂರು ದಿನಗಳೂ ಒಂದೊಂದಾಗಿ ಎದುರು ಬಂದು ನಿಂತವು.

ಮೊದಲನೇ ದಿನ ಅವಳು ಹೆಣ್ಣುಮಕ್ಕಳ ಮುಂದೆ ಹೋಗಿ ಕನ್ನಡದಲ್ಲಿ, ನೋಟೀಸು ಓದಿದ ಹಾಗೆ, ಕೆಲಸಕ್ಕೆ ಹಿಂತಿರುಗಿ ಎಂದಿದ್ದಳು. ಹಿಂದಿನ ಸಾಲಿನಿಂದ ಯಾರೋ ತೆಲುಗಿನಲ್ಲಿ ಬೈದರು. ಎಲ್ಲರೂ ನಕ್ಕರು. ಅವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಮತ್ತೆ ಹೊರಗೆ ಹೋಗಲು ಧೈರ್ಯ ಬರಲಿಲ್ಲ. ಎರಡನೇ ದಿನ ಹಾಜರಿ ಬರೆಯುವ ಟೈಮ್ ಆಫೀಸಿನ ಹುಡುಗ ಕದಿರೇಶ್, ಗುತ್ತಿಗೆದಾರನ ಕಡೆಯವನು, ಗೇಟಿನ ಸೆಕ್ಯೂರಿಟಿಯವರು ಬರೆದಿಟ್ಟ ಪುಸ್ತಕ ಹಿಡಿದು ಅವಳ ಬಾಗಿಲು ತಟ್ಟಿದ. ಮೇಡಂ, ಮಿಷನ್ನು ಸುಳ್ಳು ಹೇಳ್ತಾ ಇದೆ, ಇವರು ಆ ದಿನಗಳಲ್ಲಿ ಕೆಲಸಕ್ಕೆ ಬಂದಿದಾರೆ ಎಂದ. ಮೂರನೇ ದಿನ ಬೆಳಿಗ್ಗೆ, ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಕೂತಿದ್ದ ಬಸ್ ಶೆಡ್ಡಿನ ನೆಲದ ಮೇಲೆ ಅವರ ನಡುವೆಯೇ ಕೂತು, ‘ಅಕ್ಕಾ, ಪುಸ್ತಕಂ ತೆಚ್ಚಾನು, ಚೂಡಂಡಿ’ ಎಂದು ತೆಲುಗಿನಲ್ಲೇ ಹೇಳಿ, ತಂದ ಪುಸ್ತಕ ಬಿಚ್ಚಿ ಒಬ್ಬೊಬ್ಬರಿಗೂ ಅವರವರ ಹೆಸರು ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಐದು ಜನ ಮಾತುಕತೆಗೆ ಬಂದರು. ಅವಳು ಇದನ್ನೆಲ್ಲ ಕಿಟಕಿಯಿಂದ ನೋಡಿದ್ದಳು.

ಆಮೇಲಿನದ್ದು ಅವಳ ಕೆಲಸವೇ ಹೌದು. ಮಾಲೀಕರನ್ನು ಒಪ್ಪಿಸಿದ್ದು, ಕಡಿತವಾದದ್ದನ್ನು ಏಳು ದಿನದಲ್ಲಿ ವಾಪಸು ಕೊಡುವುದು, ಕೂತವರ ಮೇಲೆ ಕ್ರಮ ಇಲ್ಲ ಎಂದು ಕರಡು ಬರೆದದ್ದು, ಕೋಲಾರದ ಲೇಬರ್ ಆಫೀಸಿನಲ್ಲಿ ಅಧಿಕಾರಿಯ ಎದುರು ಎರಡೂ ಕಡೆಯವರ ಸಹಿ ಹಾಕಿಸಿದ್ದು. ಅದರಲ್ಲಿ ಕದಿರೇಶನ ಹೆಸರಿರಲಿಲ್ಲ. ಅವನು ಕಂಪನಿಯ ನೌಕರನೂ ಅಲ್ಲ, ಕಾರ್ಮಿಕರ ಪ್ರತಿನಿಧಿಯೂ ಅಲ್ಲ. ಸಹಿ ಹಾಕುವ ಜಾಗ ಅವನಿಗಿರಲಿಲ್ಲ ಸರಿ. ಅವನು ಮಾಡಿದ್ದನ್ನು ಬರೆದು ಒಂದು ಪತ್ರ ಕೊಡಬಹುದಿತ್ತು. ಕೊಡಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ವರ್ಷ ಕಳೆಯುವುದರಲ್ಲಿ ಆ ಕಥೆಯನ್ನು ಎಷ್ಟು ಸಲ ಹೇಳಿದ್ದಳೆಂದರೆ, ಬಸ್ ಶೆಡ್ಡಿನ ನೆಲದ ಮೇಲೆ ಕೂತವಳು ತಾನೇ ಎಂದು ಅವಳಿಗೂ ಅನ್ನಿಸತೊಡಗಿತ್ತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು. ಅಷ್ಟರೊಳಗೆ ಪ್ಲಾಂಟ್ ಹೆಡ್ ಗಂಗಾಧರ್ ಅವರ ಕೋಣೆಗೆ ಹೋಗಿ ಹೇಳಿಬಿಡಬೇಕೆಂದು ಎರಡು ಸಲ ಹೊರಟಳು. ಒಮ್ಮೆ ಅವರು ಕೆಳಗೆ ಮಿಷನ್ನುಗಳಿರುವ ಶಾಪ್ ಫ್ಲೋರಿನಲ್ಲಿದ್ದರು. ಇನ್ನೊಮ್ಮೆ ಕೋಣೆಯಲ್ಲೇ ಇದ್ದರು, ಇವಳೇ ವಾಪಸು ಬಂದಳು.

ಮುನಿಲಕ್ಷ್ಮಿಯ ಜೊತೆ ಮಾತು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕಾನೂನಿನ ಪ್ರಶ್ನೆಗಳಿಗೆ ಅವಳು ಪುಸ್ತಕ ತೆರೆದಿಟ್ಟ ಹಾಗೆ ಉತ್ತರ ಕೊಟ್ಟಳು. ಕಾರ್ಮಿಕರ ಜಗಳದ ಪ್ರಶ್ನೆಗೆ, ನಮ್ಮ ಆಫೀಸಿಗೆ ಅವರು ಬರೋದಿಲ್ಲ ಮೇಡಂ ಎಂದಳು. ಎರಡನೆಯವನು ಫೋನ್ ಎತ್ತಲೇ ಇಲ್ಲ. ಮೂರನೆಯವನು ಕದಿರೇಶ್. ಶಿವಾನಿ ಸ್ಪೀಕರ್ ಒತ್ತಿ ತನ್ನ ಹೆಸರು ಹೇಳಿ, ನಮ್ಮ ಮ್ಯಾನೇಜರ್ ಕೂಡ ಇದ್ದಾರೆ ಎಂದಳು. ರಮಾದೇವಿ ಪ್ರಶ್ನೆಗಳ ಹಾಳೆಯನ್ನು ಶಿವಾನಿಯ ಕಡೆ ಸರಿಸಿದಳು.

“ಒಬ್ಬರ ಸಂಬಳ ಡಿಸೆಂಬರ್‌ನಲ್ಲಿ ಇಪ್ಪತ್ತೊಂದು ಸಾವಿರ ದಾಟಿತು ಅಂದ್ಕೊಳ್ಳಿ. ಇಎಸ್‌ಐ ಏನ್ ಮಾಡ್ತೀರ?” ಶಿವಾನಿ ಕೇಳಿದಳು.

“ನಿಲ್ಸಲ್ಲ ಮೇಡಂ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಂದು ಅವಧಿ. ಮಾರ್ಚ್ ಮುಗಿಯೋವರೆಗೂ ಹಿಡೀಲೇಬೇಕು, ಪೂರ್ತಿ ಸಂಬಳದ ಮೇಲೆ. ಏಪ್ರಿಲ್‌ನಿಂದ ಬಿಡಬಹುದು. ಮೊದಲನೇ ವರ್ಷ ನಾನು ತಪ್ಪು ಮಾಡಿದ್ದೆ, ಆರು ಜನರದ್ದು ನಿಲ್ಸಿಬಿಟ್ಟಿದ್ದೆ. ಆಮೇಲೆ ಸರಿ ಮಾಡ್ದೆ.”

“ಕೆಲಸ ಬಿಟ್ಟೋರ ಸಂಬಳ?”

“ಹೊಸ ಸಂಹಿತೆ ಪ್ರಕಾರ ಎರಡು ಕೆಲಸದ ದಿನದೊಳಗೆ. ನಮ್ಮ ಸಾಹೇಬ್ರಿಗೆ ಇದನ್ನ ಒಪ್ಪಿಸೋಕೆ ಇನ್ನೂ ಒದ್ದಾಡ್ತಾ ಇದೀನಿ.”

“ಒಬ್ಬ ಕಾರ್ಮಿಕನ ಮೇಲೆ ಶಿಸ್ತು ವಿಚಾರಣೆ ನಡೆಸ್ಬೇಕು. ಹೆಂಗೆ ಶುರು ಮಾಡ್ತೀರ?”

ಆ ಕಡೆಯಿಂದ ಹೆದ್ದಾರಿಯ ಲಾರಿಗಳ ಸದ್ದು ಕೇಳಿಸಿತು. “ಆರೋಪ ಪತ್ರ ಕೊಡ್ಬೇಕು, ಉತ್ತರಕ್ಕೆ ಟೈಮ್ ಕೊಡ್ಬೇಕು, ವಿಚಾರಣೆ ಮಾಡೋರು ಬೇರೆಯವರಿರ್ಬೇಕು, ಅವನಿಗೂ ಸಾಕ್ಷಿಗಳನ್ನ ಪ್ರಶ್ನೆ ಕೇಳೋ ಅವಕಾಶ ಇರ್ಬೇಕು. ಅಷ್ಟು ಗೊತ್ತು. ಆದ್ರೆ ನಾನು ಟೈಪ್ ಮಾಡಿದೀನಿ ಅಷ್ಟೇ ಮೇಡಂ, ನಡೆಸಿಲ್ಲ.”

ಶಿವಾನಿ ಬರೆದುಕೊಂಡು ತಲೆಯೆತ್ತಿ ರಮಾದೇವಿಯ ಮುಖ ನೋಡಿದಳು. ಆಮೇಲೆ ಕೇಳಿದಳು: “2022ರ ಆ ಗಲಾಟೆ ಬಗ್ಗೆ ಬರ್ದಿದೀರಲ್ಲ. ಅದರಲ್ಲಿ ನೀವು ಮಾಡಿದ್ದೇನು, ಬೇರೆಯವರು ಮಾಡಿದ್ದೇನು, ಬಿಡಿಸಿ ಹೇಳಿ.”

“ಪುಸ್ತಕ ಹೋಲಿಸಿದ್ದು ನಾನು. ಹೆಂಗಸರ ಜೊತೆ ಕೂತಿದ್ದು ನಾನು. ಒಪ್ಪಂದ ನನ್ನದಲ್ಲ. ಅಲ್ಲಿ ರಮಾದೇವಿ ಮೇಡಂ ಅಂತ ಎಚ್‌ಆರ್ ಇದ್ರು, ಬರೆದದ್ದು, ಆಫೀಸಿಗೆ ಓಡಾಡಿದ್ದು ಎಲ್ಲಾ ಅವರೇ. ಕೂತೋರ ಮೇಲೆ ಕ್ರಮ ಬೇಡ ಅಂತ ಮಾಲೀಕರ ಹತ್ರ ಪಟ್ಟು ಹಿಡಿದಿದ್ದೂ ಅವರೇ. ಅದು ನನ್ನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೇ ಅದನ್ನ ನಾನು ಬರ್ಕೊಂಡಿಲ್ಲ.”

“ನೀವು ಮಾಡಿದ್ದಕ್ಕೆ ಏನಾದ್ರೂ ದಾಖಲೆ?”

“ಇಲ್ಲ ಮೇಡಂ. ಹೋದ್ ಕಡೆ ಎಲ್ಲಾ ಅದನ್ನೇ ಕೇಳ್ತಾರೆ.”

ಶಿವಾನಿಯ ಪೆನ್ನು ನಿಂತಿತ್ತು. ಈಗ ಅವಳು ಫೋನನ್ನು ನೋಡುತ್ತಿರಲಿಲ್ಲ. ರಮಾದೇವಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

“ಕದಿರೇಶ್, ನಾನು ರಮಾದೇವಿ.”

“ಮೇಡಂ?” ಆ ದನಿಯಲ್ಲಿದ್ದದ್ದು ಬರೀ ಖುಷಿ. ಅವಳಿಗೆ ತಡೆಯಲಾಗದ್ದು ಅದೇ. “ನೀವು ಮಾಲೂರಿಗೆ ಬಂದಿದೀರಾ? ನಂಗೆ ಗೊತ್ತೇ ಇರ್ಲಿಲ್ಲ. ಚೆನ್ನಾಗಿದೀರಾ?”

“ಚೆನ್ನಾಗಿದೀನಿ. ನೋಡಿ, ನೀವು ನನಗೆ ಗೊತ್ತಿರೋರು. ಹಂಗಾಗಿ ಈ ಕೆಲಸದ ವಿಷ್ಯದಲ್ಲಿ ನಾನು ಅಂಕ ಹಾಕೋ ಹಂಗಿಲ್ಲ, ಬೇರೆಯವರು ನೋಡ್ತಾರೆ. ಇದನ್ನ ಮೊದಲೇ ಹೇಳ್ಬೇಕಿತ್ತು, ಹೇಳಿಲ್ಲ. ತಪ್ಪು ನಂದು.”

ಫೋನ್ ಇಟ್ಟ ಮೇಲೆ ಶಿವಾನಿ ಹಾಳೆಗಳನ್ನು ಜೋಡಿಸುತ್ತ ಕೂತಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

“ಹಂಗಾದ್ರೆ ಇಂಡಕ್ಷನ್‌ನಲ್ಲಿ ನೀವು ಹೇಳೋದು...”

“ಅರ್ಧ ನಿಜ” ಎಂದಳು ರಮಾದೇವಿ. ಈ ಸಲ ಗಂಗಾಧರ್ ಅವರ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬರಲಿಲ್ಲ.

ಗಂಗಾಧರ್ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಅವರು ಸಿಟ್ಟಾಗುವ ಮನುಷ್ಯರಲ್ಲ, ಆದರೆ ಮುಖದಲ್ಲಿದ್ದ ಸಲಿಗೆ ಹೊರಟುಹೋಯಿತು.

“ನಿಮ್ಮನ್ನ ತಗೊಂಡಾಗ ಇನ್ನೊಬ್ಬರು ಸರಿಸಮಕ್ಕೆ ಇದ್ರು, ಗೊತ್ತಾ? ಆ ಒಂದು ಸಾಲು ನೋಡಿ ನಾನು ನಿಮ್ಮ ಹೆಸರು ಹೇಳಿದ್ದು.”

“ಗೊತ್ತಿರ್ಲಿಲ್ಲ ಸರ್.”

“ಇದನ್ನ ಬರೆದು ಕೊಡಿ. ನಿಮ್ಮ ಫೈಲಿಗೆ ಹಾಕ್ತೀನಿ. ಮುಂದೆ ಏನು ಅಂತ ನಾನೊಬ್ಬನೇ ಹೇಳೋಕಾಗಲ್ಲ, ಹೆಡ್ ಆಫೀಸಿಗೆ ಕೇಳ್ಬೇಕು. ಈ ನೇಮಕದಿಂದ ನೀವು ದೂರ ಇರಿ. ಅಕೌಂಟ್ಸ್‌ನ ಕಾಂತರಾಜ್ ನಿಮ್ಮ ಜಾಗದಲ್ಲಿ ಅಂಕ ಹಾಕ್ಲಿ. ಆ ಹುಡುಗ ಹೇಳಿದ್ದು ನಿಜ ಅಂತ ಬರೀತೀರಾ?”

“ಬರೀತೀನಿ ಸರ್. ನಾನು ನೋಡಿದ್ದು ಎಷ್ಟೋ ಅಷ್ಟು.”

ಬರೆಯಲು ಕೂತರೆ ಒಂದು ಪುಟಕ್ಕೆ ಎರಡು ಗಂಟೆ ಹಿಡಿಯಿತು. ತಾನು ಮೊದಲನೇ ದಿನ ಬಾಗಿಲು ಹಾಕಿಕೊಂಡದ್ದನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಮುಂದಿನ ವಾರ ಸಂದರ್ಶನ ನಡೆಯಿತು. ಗಾಜಿನ ಆಚೆ ಕದಿರೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಾಯುತ್ತ ಕೂತಿದ್ದ. ಅವನಿಂದ ಎರಡು ಕುರ್ಚಿ ಬಿಟ್ಟು ಮುನಿಲಕ್ಷ್ಮಿ. ರಮಾದೇವಿ ಶಿಫ್ಟ್ ಪಟ್ಟಿಯನ್ನು ನೆಪ ಮಾಡಿಕೊಂಡು ಶಾಪ್ ಫ್ಲೋರಿಗೆ ಹೋದಳು. ಪ್ರೆಸ್ ಮಿಷನ್ನುಗಳ ಸದ್ದಿನ ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದಳು. ಅವಳಿಗೆ ಏನು ಬೇಕಿತ್ತು ಎಂಬುದು ಅವಳಿಗೇ ತಿಳಿಯಲಿಲ್ಲ. ಅವನಿಗೆ ಸಿಗಲಿ ಎಂದುಕೊಂಡರೆ ದಿನಾ ಎದುರು ಕೂರುತ್ತಾನಲ್ಲ ಎಂದು ಅಳುಕಾಗುತ್ತಿತ್ತು. ಸಿಗದಿರಲಿ ಎಂಬ ಯೋಚನೆ ಇಣುಕಿದರೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಸಂಜೆ ಕಾಂತರಾಜ್ ಬಂದು ಹೇಳಿದ. ಕಾನೂನಿನಲ್ಲಿ ಮುನಿಲಕ್ಷ್ಮಿಗೆ ಮೂವತ್ತಾರು, ಕದಿರೇಶ್‌ಗೆ ಇಪ್ಪತ್ತೆರಡು. ಸಂಬಳದಲ್ಲಿ ಇಬ್ಬರೂ ಸಮ. ಕಾರ್ಮಿಕರ ಜೊತೆಗಿನ ಕೆಲಸದಲ್ಲಿ ಅವಳಿಗೆ ಐದು, ಅವನಿಗೆ ಇಪ್ಪತ್ತೇಳು. ಇನ್ನೂರು ಗುತ್ತಿಗೆಯವರಿರೋ ಕಡೆ ಮಾತಾಡೋಕೆ ಬರೋನೇ ಬೇಕು ಎಂದು ಗಂಗಾಧರ್ ಅವನನ್ನು ಆರಿಸಿದ್ದರು. ಆರು ತಿಂಗಳಲ್ಲಿ ಶಿಸ್ತು ವಿಚಾರಣೆಯ ತರಬೇತಿ ಮುಗಿಸಬೇಕು, ಆಮೇಲಷ್ಟೇ ಕಾಯಂ. ಮುನಿಲಕ್ಷ್ಮಿಯ ಹೆಸರನ್ನು ಮುಂದಿನ ಖಾಲಿ ಜಾಗಕ್ಕೆ ಇಟ್ಟುಕೊಂಡರು.

ಒಂದನೇ ತಾರೀಖು ಕದಿರೇಶ್ ಸೇರಿದ. ಶಿವಾನಿ ಅವನಿಗೆ ಕುರ್ಚಿ, ಕಂಪ್ಯೂಟರ್ ತೋರಿಸಿ ಗುತ್ತಿಗೆ ರಿಜಿಸ್ಟರುಗಳನ್ನು ತರಲು ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಇನ್ನು ಮುಂದೂಡಿದರೆ ಎಂದೂ ಹೇಳಲಾರೆ ಎಂದು ರಮಾದೇವಿಗೆ ಗೊತ್ತಿತ್ತು.

“ಕದಿರೇಶ್, ನಾನು ಇಲ್ಲಿಗೆ ಸೇರುವಾಗ ನಿಮ್ಮ ಕೆಲಸಾನ ನನ್ನದು ಅಂತ ಬರ್ಕೊಂಡಿದ್ದೆ. ಪುಸ್ತಕ ಹೋಲಿಸಿದ್ದು, ಹೆಂಗಸರ ಜೊತೆ ಮಾತಾಡಿದ್ದು. ಎರಡೂ. ಗಂಗಾಧರ್ ಸರ್‌ಗೆ ಹೇಳಿದೀನಿ. ಬೇರೆಯವರಿಂದ ನಿಮಗೆ ತಿಳಿಯೋದು ಬೇಡ ಅಂತ.”

ಅವನು ಹೊಸ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ಮುಖ ಸಣ್ಣಗಾಗಿತ್ತು.

“ನಾಲ್ಕು ಕಡೆ ನನ್ನ ತೆಗೆದುಹಾಕಿದ್ರು ಮೇಡಂ” ಎಂದ ಕೊನೆಗೆ. “ನರಸಾಪುರದ ಕಡೆ ಒಂದು ಕಂಪನಿಯೋರು, ಇಷ್ಟು ದೊಡ್ಡ ಕೆಲಸ ಮಾಡಿದ್ರೆ ಗುತ್ತಿಗೆದಾರನ ಹತ್ರ ಯಾಕಿದೀಯ ಅಂತ ನಕ್ಕರು. ನಿಮಗೆ ಫೋನ್ ಮಾಡಿ ಒಂದು ಪತ್ರ ಕೇಳೋಣ ಅಂತ ಎಷ್ಟೋ ಸಲ ಅನ್ಸಿತ್ತು. ದೊಡ್ಡೋರು, ತೊಂದ್ರೆ ಯಾಕೆ ಅಂತ ಸುಮ್ಮನಾದೆ.”

“ಕೇಳಿದ್ರೆ ಕೊಡ್ತಿದ್ದೆ.”

“ಕೊಡ್ತಿದ್ರಾ?”

“ಗೊತ್ತಿಲ್ಲ” ಎಂದಳು.

ಅವನು ತಲೆಯಾಡಿಸಿದ. ಸರಿ ಎಂದನೋ, ಇಷ್ಟೇ ತಾನೇ ಎಂದನೋ, ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಶಿವಾನಿ ರಿಜಿಸ್ಟರುಗಳ ಜೊತೆ ಒಳಗೆ ಬಂದಳು. ಕದಿರೇಶ್ ಎದ್ದು ಅರ್ಧ ಹೊರೆ ತೆಗೆದುಕೊಂಡು ಮೇಜಿನ ಮೇಲಿಟ್ಟು ಮೊದಲನೆಯದನ್ನು ಬಿಚ್ಚಿದ. ಸ್ವಲ್ಪ ಹೊತ್ತಿಗೆ, ಯಾರ ಮುಖವನ್ನೂ ನೋಡದೆ, ಹೋದ ತಿಂಗಳು ಹನ್ನೊಂದು ಜನರ ಓಟಿ ಸಂಬಳ ಒಂದೇ ಪಟ್ಟು ಲೆಕ್ಕ ಹಾಕಿದಾರೆ, ಎರಡು ಪಟ್ಟು ಬರಬೇಕಲ್ವಾ ಎಂದ. ರಮಾದೇವಿ ಕುರ್ಚಿಯಿಂದ ಎದ್ದು ಅವನ ಮೇಜಿನ ಹತ್ತಿರ ಹೋದಳು.